ಉರಿ ಆರಿಸಿದ್ದು ಸೋಡಾನೋ, ನಿಂತಿದ್ದೋ?

ಸಕಲೇಶಪುರದ ಕಡೆಯ ಒಂದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ, 56 ವರ್ಷದ ಯಜಮಾನರೊಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. ಇವರು ಇಂಥವರೇ ಎಂದು ಬೆರಳು ಮಾಡಿ ತೋರಿಸುವಂತಿಲ್ಲ, ನಾನು ಕಟ್ಟಿಕೊಂಡವರು. ಆದರೆ ಹೃದ್ರೋಗ ತಜ್ಞರ ಕೋಣೆಯ ಹೊರಗಿನ ಬೆಂಚಿನ ಮೇಲೆ ಇಂಥವರು ಯಾವಾಗಲೂ ಒಬ್ಬರಲ್ಲ ಒಬ್ಬರು ಕೂತಿರುತ್ತಾರೆ. ಇವರ ಮನೆ ಇಳಿಜಾರಿನಲ್ಲಿದೆ, ಅಂಗಡಿ ಮೇಲಿದೆ. ಮಧ್ಯಾಹ್ನ ಒಂದೂವರೆಗೆ ಮನೆಗೆ ಇಳಿದು ಬಂದು ಊಟ ಮಾಡುತ್ತಾರೆ. ಎರಡೂಕಾಲಿಗೆ ಮತ್ತೆ ಏರು ಹತ್ತುತ್ತಾರೆ. ಮೊದಲ ತಿರುವು ಬರುವಷ್ಟರಲ್ಲಿ ಎದೆಯ ನಡುವೆ ಉರಿ ಶುರುವಾಗುತ್ತದೆ. ತಿರುವಿನಲ್ಲೊಂದು ಪೆಟ್ಟಿಗೆ ಅಂಗಡಿ ಇದೆ. ಅಲ್ಲಿ ನಿಂತು ಒಂದು ಸೋಡಾ ಒಡೆಸಿ, ಅರ್ಧ ಕುಡಿಯುತ್ತಾರೆ. ಎರಡು ತೇಗು ಬರುತ್ತದೆ. ಅಂಗಡಿಯವನ ಜೊತೆ ನಾಲ್ಕು ಮಾತು ಮುಗಿಯುವುದರೊಳಗೆ ಉರಿ ಮಾಯ. "ನೋಡಿ, ಗ್ಯಾಸು. ತೇಗು ಬಂತು, ಹೋಯ್ತು" ಎನ್ನುವುದು ಅವರ ತೀರ್ಮಾನ. ಮನೆಯವರದೂ ಅದೇ, ಪೆಟ್ಟಿಗೆ ಅಂಗಡಿಯವನದೂ ಅದೇ.

ಈ ತೀರ್ಮಾನದಲ್ಲಿ ಒಂದು ಸಣ್ಣ ತಪ್ಪಿದೆ. ಆ ತಿರುವಿನಲ್ಲಿ ಅವರು ಎರಡು ಕೆಲಸ ಮಾಡಿದ್ದಾರೆ. ಸೋಡಾ ಕುಡಿದಿದ್ದಾರೆ, ಜೊತೆಗೆ ನಿಂತಿದ್ದಾರೆ. ಸೋಡಾಕ್ಕೆ ಹತ್ತಿಪ್ಪತ್ತು ರೂಪಾಯಿ ಕೊಟ್ಟಿದ್ದರಿಂದ ಅದು ಲೆಕ್ಕಕ್ಕೆ ಬಂತು. ನಿಂತಿದ್ದು ಬಿಟ್ಟಿ, ಹಾಗಾಗಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಊಟದ ನಂತರ ಎದೆಯ ನಡುವೆ ಏಳುವ ಉರಿಗೆ ಮುಖ್ಯವಾಗಿ ಎರಡು ಮೂಲಗಳಿವೆ. ಒಂದು, ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಮರಳಿ ಏರುವುದು. ನಾವು ಎದೆಯುರಿ, ಅಸಿಡಿಟಿ, ಹುಳಿತೇಗು ಎನ್ನುವುದೆಲ್ಲ ಇದನ್ನೇ. ಇನ್ನೊಂದು ಆಂಜೈನಾ, ಅಂದರೆ ಕಿರಿದಾದ ರಕ್ತನಾಳದಿಂದಾಗಿ ಹೃದಯದ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದಿದ್ದಾಗ ಬರುವ ನೋವು. ಉರಿಯ ಗುಣದಿಂದ ಇವೆರಡನ್ನು ಬೇರ್ಪಡಿಸಲು ಹೋದರೆ ಎಡವುವುದೇ ಹೆಚ್ಚು. ಹೃದಯದ ನೋವೆಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಎಡಗಡೆಗೆ ಚೂರಿ ಹಾಕಿದಂತಿರಬೇಕು ಎಂದು ಬಹಳ ಜನ ನಂಬಿದ್ದಾರೆ. ನಿಜದಲ್ಲಿ ಅದು ಎದೆಯ ನಡುವೆಯೇ ಬರುವುದು ಹೆಚ್ಚು. ಅದು ಬಿಗಿತವಾಗಿರಬಹುದು, ಭಾರವಾಗಿರಬಹುದು, ಒತ್ತಿದಂತಿರಬಹುದು. ಎಷ್ಟೋ ಜನರಿಗೆ ಅಪ್ಪಟ ಉರಿಯಾಗಿಯೇ ಬರುತ್ತದೆ.

ಇದಕ್ಕೆ ಕಾರಣ ನರಗಳ ಜೋಡಣೆ. ಅನ್ನನಾಳ ಮತ್ತು ಹೃದಯ ಎದೆಯೊಳಗೆ ಬೆನ್ನಿಗೆ ಬೆನ್ನು ತಾಗಿಸಿಕೊಂಡು ಇವೆ. ಎರಡರಿಂದಲೂ ನೋವಿನ ಸುದ್ದಿ ತರುವ ನರಗಳು ಬೆನ್ನುಹುರಿಯ ಎದೆಭಾಗದ ಮೇಲ್ತುದಿಗೆ, ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಎರಡು ಮನೆಗೆ ಒಂದೇ ಕಾಲಿಂಗ್ ಬೆಲ್ ಇದ್ದ ಹಾಗೆ, ಒತ್ತಿದವರು ಯಾರ ಮನೆಗೆ ಬಂದವರೆಂದು ಒಳಗಿದ್ದ ಮೆದುಳಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಅನುಭವಿ ವೈದ್ಯರು "ಹೇಗೆ ಉರಿಯುತ್ತೆ?" ಎಂದು ಒಮ್ಮೆ ಕೇಳಿ, "ಯಾವಾಗ ಬರುತ್ತೆ? ಏನು ಮಾಡಿದಾಗ ಹೋಗುತ್ತೆ?" ಎಂದು ಹತ್ತು ಸಲ ಕೇಳುತ್ತಾರೆ.

ಊಟ ಎರಡನ್ನೂ ಕೆರಳಿಸುತ್ತದೆ, ಗೋಜಲು ಶುರುವಾಗುವುದೇ ಅಲ್ಲಿಂದ. ಆದರೆ ಕೆರಳಿಸುವ ದಾರಿಗಳು ಬೇರೆ ಬೇರೆ.

ಮೊದಲು ಆಮ್ಲದ ದಾರಿ ನೋಡೋಣ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಬಿಗಿಯಾದ ಸ್ನಾಯುವಿನ ಉಂಗುರವೊಂದಿದೆ. ತುತ್ತು ನುಂಗಿದಾಗ ಅದು ತೆರೆದು ಮತ್ತೆ ಮುಚ್ಚಿಕೊಳ್ಳಬೇಕು. ಹೊಟ್ಟೆ ಬಿರಿಯ ಉಂಡಾಗ ಹೊಟ್ಟೆಯ ಮೇಲ್ಭಾಗ ಹಿಗ್ಗುತ್ತದೆ. ಆಗ ಈ ಉಂಗುರ, ಏನನ್ನೂ ನುಂಗದಿದ್ದರೂ, ನಡುನಡುವೆ ತಾನಾಗಿ ಕೆಲವು ಸೆಕೆಂಡು ಸಡಿಲವಾಗುತ್ತದೆ. ತೇಗು ಬರುವುದು ಹೀಗೆಯೇ. ಗಾಳಿಯ ಜೊತೆ ಆಮ್ಲವೂ ಮೇಲೆ ಬಂದರೆ ಎದೆಯುರಿ. ಹೊಟ್ಟೆಯ ಒಳಗೋಡೆಗೆ ಆಮ್ಲ ತಡೆಯುವ ಲೋಳೆಯ ಹೊದಿಕೆ ಇದೆ, ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಎಣ್ಣೆ, ತುಪ್ಪ ಹೆಚ್ಚಿದ್ದರೆ ಊಟ ಹೊಟ್ಟೆಯಿಂದ ಕೆಳಗಿಳಿಯುವುದು ತಡವಾಗುತ್ತದೆ, ಅಷ್ಟು ಹೊತ್ತೂ ಹೊಟ್ಟೆ ತುಂಬಿಯೇ ಇರುತ್ತದೆ. ಉಂಡ ಕೂಡಲೇ ಮಲಗಿದರೆ ಅಥವಾ ಬಗ್ಗಿದರೆ ಆಮ್ಲ ಹರಿಯಲು ದಾರಿ ಸಲೀಸು. ಮದುವೆ ಮನೆಯಲ್ಲಿ ಒಬ್ಬಟ್ಟು ತುಪ್ಪ ಹೊಡೆದು, ಬಂದು ಮಂಚದ ಮೇಲೆ ಒರಗಿ, ಅರ್ಧ ಮುಕ್ಕಾಲು ಗಂಟೆಗೆ ಗಂಟಲವರೆಗೆ ಹುಳಿನೀರು ಉಕ್ಕಿದರೆ, ಅದು ಈ ಬಾಬತ್ತು. ಉರಿ ಎದೆಮೂಳೆಯ ಕೆಳತುದಿಯಿಂದ ಮೇಲಕ್ಕೆ ಏರುತ್ತದೆ. ಹಾಗೆಯೇ ಬಿಟ್ಟರೆ ಗಂಟೆಗಟ್ಟಲೆ ಹೊಗೆಯಾಡುತ್ತದೆ. ಎದ್ದು ಕೂತರೆ ಕಡಿಮೆ, ಮಲಗಿದರೆ ಮತ್ತೆ ಹಾಜರು.

ಹೃದಯದ ದಾರಿ ಹೀಗಿಲ್ಲ. ಉಂಡ ಮೇಲೆ ಜೀರ್ಣಾಂಗಗಳಿಗೆ ಹೆಚ್ಚು ರಕ್ತ ಬೇಕು. ಅದನ್ನು ಒದಗಿಸಲು ಹೃದಯ, ನೀವು ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರೂ, ಹೆಚ್ಚು ಕೆಲಸ ಮಾಡುತ್ತಿರುತ್ತದೆ. ಅದರ ಮೇಲೆ ಏರು ಹತ್ತಿದರೆ ಕಾಲಿನ ಸ್ನಾಯುಗಳ ಬೇಡಿಕೆಯೂ ಸೇರಿಕೊಳ್ಳುತ್ತದೆ. ಇನ್ನೊಂದು ತೊಡಕೂ ಇದೆ. ಹೃದಯದ ಸ್ನಾಯು ತನಗೆ ಬೇಕಾದ ರಕ್ತವನ್ನು ಬಹುಪಾಲು ಪಡೆಯುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಬಡಿತ ಜೋರಾದಷ್ಟೂ ಆ ಬಿಡುವು ಕಿರಿದಾಗುತ್ತದೆ. ಬೇಡಿಕೆ ಏರುತ್ತದೆ, ಪಡೆಯುವ ಸಮಯ ಇಳಿಯುತ್ತದೆ. ರಕ್ತನಾಳಗಳು ಚೆನ್ನಾಗಿದ್ದರೆ ಇದು ಗೊತ್ತೇ ಆಗುವುದಿಲ್ಲ. ಮುಖ್ಯವಾದ ಒಂದು ನಾಳ ಶೇಕಡಾ 70ರಷ್ಟು ಕಟ್ಟಿಕೊಂಡಿದ್ದರೆ, ಕೂತಾಗ ಏನೂ ಇಲ್ಲ, ಏರಿನಲ್ಲಿ ಉರಿ. ನಿಂತ ತಕ್ಷಣ ಬೇಡಿಕೆ ಇಳಿದು, ಕೆಲವೇ ನಿಮಿಷದಲ್ಲಿ, ಸಾಮಾನ್ಯವಾಗಿ ಐದು ನಿಮಿಷದ ಆಸುಪಾಸಿನಲ್ಲಿ, ಸರಿಹೋಗುತ್ತದೆ.

ಇದು ಹೊಸದಾಗಿ ಕಂಡ ಸಂಗತಿಯೂ ಅಲ್ಲ. ಆಂಜೈನಾಗೆ ಆ ಹೆಸರಿಟ್ಟ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ಲಂಡನ್ನಿನ ವೈದ್ಯರ ಕಾಲೇಜಿನ ಮುಂದೆ ಅದರ ಲಕ್ಷಣ ಓದಿದರು, 1772ರಲ್ಲಿ ಅದು ಅಚ್ಚಾಯಿತು. ನಡೆಯುವಾಗ ಬರುತ್ತದೆ, ಅದರಲ್ಲೂ ಏರು ಹತ್ತುವಾಗ ಮತ್ತು ಊಟವಾದ ಸ್ವಲ್ಪದರಲ್ಲೇ ಬರುತ್ತದೆ, ನಿಂತ ಕೂಡಲೇ ಹೋಗುತ್ತದೆ ಎಂದು ಅವರು ಆಗಲೇ ಗುರುತಿಸಿದ್ದರು. ಇಸಿಜಿ ಯಂತ್ರ ಬರಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬಾಕಿ ಇತ್ತು. ರೋಗಿಗಳ ಮಾತನ್ನು ಗಮನವಿಟ್ಟು ಕೇಳಿಯೇ ಅಷ್ಟು ಹಿಡಿದಿದ್ದರು. ನಮ್ಮ ಹಾರ್ಡ್‌ವೇರ್ ಯಜಮಾನರ ತಿರುವು, ಊಟ, ಸೋಡಾ ಎಲ್ಲ ಅದರೊಳಗೇ ಬಂದುಬಿಟ್ಟಿದೆ, ಸೋಡಾ ಒಂದನ್ನು ಬಿಟ್ಟು.

ಯಜಮಾನರು ಕೊನೆಗೂ ವೈದ್ಯರ ಮುಂದೆ ಕೂರುವುದು ಮಗಳ ಕಾಟಕ್ಕೆ. ಮಾತುಕತೆ ಹೀಗೆ ಸಾಗುತ್ತದೆ.

"ಉಂಡು ಸುಮ್ಮನೆ ಮನೇಲೇ ಕೂತರೆ ಉರಿ ಬರುತ್ತಾ ಯಜಮಾನ್ರೇ?"

"ಭಾನುವಾರ ಬರುತ್ತೆ ಸಾರ್. ಕೋಳಿ ಸಾರು, ಕಡುಬು ಜಾಸ್ತಿ ಆಗಿರುತ್ತಲ್ಲ. ಉಂಡು ಮಲಗಿದರೆ ಹುಳಿಹುಳಿ ಬಾಯಿಗೇ ಬರುತ್ತೆ."

"ಮಲಗದೆ ಕೂತಿದ್ದರೆ?"

"ಕೂತಿದ್ದರೆ ಇಲ್ಲ."

"ಆ ಭಾನುವಾರದ ಉರಿ, ಏರಿನಲ್ಲಿ ಬರೋ ಉರಿ, ಎರಡೂ ಒಂದೇ ಥರಾನಾ?"

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. "ಭಾನುವಾರದ್ದು ಗಂಟಲಿಗೆ ಏರುತ್ತೆ. ಇದು ಏರಲ್ಲ. ಇಲ್ಲೇ ಇರುತ್ತೆ" ಎಂದು ಎದೆಯ ನಡುವೆ ಅಂಗೈ ಇಡುತ್ತಾರೆ. ಬೆರಳಲ್ಲ, ಪೂರ್ತಿ ಅಂಗೈ. ಒಂದು ಬೆರಳಿನ ತುದಿಯಲ್ಲಿ ತೋರಿಸಬಹುದಾದ ನೋವು ಹೃದಯದ್ದಾಗಿರುವುದು ಅಪರೂಪ. ಆದರೆ ಅಂಗೈ ಇಟ್ಟ ಮಾತ್ರಕ್ಕೆ ಹೃದಯದ್ದೇ ಎನ್ನಲಾಗದು, ಎದೆಯುರಿಯವರೂ ಅಂಗೈ ಸವರಿಕೊಳ್ಳುತ್ತಾರೆ.

"ಊಟ ಮಾಡದೆ ಖಾಲಿ ಹೊಟ್ಟೇಲಿ ಅದೇ ಏರು ಹತ್ತಿದ್ದೀರಾ?"

"ಬೆಳಿಗ್ಗೆ ಮಗ ಸ್ಕೂಟರಲ್ಲಿ ಬಿಡ್ತಾನೆ ಸಾರ್."

ಬಹಳ ಕಡೆ ವಿಚಾರಣೆ ಇಲ್ಲಿಗೇ ನಿಂತುಬಿಡುತ್ತದೆ. ಏರು ಹತ್ತುವುದೆಲ್ಲ ಉಂಡ ಮೇಲೆಯೇ ಆಗಿದ್ದರೆ, ಉರಿಯನ್ನು ಊಟದ ಲೆಕ್ಕಕ್ಕೆ ಬರೆಯುವುದು ಸಹಜ. ಒಳ್ಳೆಯ ವೈದ್ಯರು ಬಿಡುವುದಿಲ್ಲ. ಸ್ಕೂಟರ್ ಕೆಟ್ಟಿದ್ದು, ಮಗ ಊರಲ್ಲಿಲ್ಲದ್ದು, ಜಾತ್ರೆ, ಮೆಟ್ಟಿಲು, ಬಸ್ಸಿಗೆ ಓಡಿದ್ದು ಹೀಗೆ ಒಂದೊಂದಾಗಿ ಕೆದಕುತ್ತಾರೆ. ಯಜಮಾನರಿಗೆ ನೆನಪಾಗುತ್ತದೆ. ಹಿಂದಿನ ತಿಂಗಳು ಸ್ಕೂಟರ್ ಗ್ಯಾರೇಜಿನಲ್ಲಿದ್ದಾಗ ಬೆಳಿಗ್ಗೆ ಬರೀ ಕಾಫಿ ಕುಡಿದು ನಡೆದೇ ಹೋಗಿದ್ದರು. ಮೊದಲ ತಿರುವಿನಲ್ಲಿ ಏನೂ ಆಗಲಿಲ್ಲ. ಅದನ್ನು ದಾಟಿ ಮೇಲಿನ ದೇವಸ್ಥಾನದ ಹತ್ತಿರ ಹೋದಾಗ "ಉರಿ ಅಲ್ಲ ಸಾರ್, ಏನೋ ಬಿಗಿದ ಹಾಗಾಯ್ತು, ಕಟ್ಟೆ ಮೇಲೆ ಕೂತೆ, ಹೋಯ್ತು. ಅದನ್ನ ನಾನು ವಯಸ್ಸು ಅಂದುಕೊಂಡೆ."

ಅವತ್ತು ಸೋಡಾ ಕುಡಿದಿರಲಿಲ್ಲ, ತೇಗೂ ಬಂದಿರಲಿಲ್ಲ.

ಈ ಒಂದು ನೆನಪು ಇಡೀ ಚಿತ್ರವನ್ನು ತಿರುಗಿಸಿಬಿಡುತ್ತದೆ. ಉಂಡು ಕೂತರೆ ಏರಿನ ಉರಿ ಇಲ್ಲ. ಉಣ್ಣದೆ ಹತ್ತಿದರೂ ಬರುತ್ತದೆ, ಆದರೆ ತಡವಾಗಿ, ಇನ್ನೂ ಮೇಲೆ. ಉಂಡು ಹತ್ತಿದರೆ ಬೇಗ, ಮೊದಲ ತಿರುವಿನಲ್ಲೇ. ಅಂದರೆ ಉರಿಯನ್ನು ತರುತ್ತಿರುವುದು ಏರು. ಊಟ ಅದನ್ನು ಇನ್ನಷ್ಟು ಕೆಳಕ್ಕೆ, ಮನೆಯ ಹತ್ತಿರಕ್ಕೆ ಎಳೆಯುತ್ತಿದೆ ಅಷ್ಟೆ. ಅದರ ಜೊತೆಗೆ ಭಾನುವಾರದ ಹುಳಿತೇಗೂ ಸುಳ್ಳಲ್ಲ, ಅದು ನಿಜವಾದ ಆಮ್ಲದ ತೊಂದರೆಯೇ. ಇವರಿಗೆ ಎರಡೂ ಇವೆ. ಎರಡೂ ಸಾಮಾನ್ಯ ಕಾಯಿಲೆಗಳೇ ಆದ್ದರಿಂದ ಒಬ್ಬರಲ್ಲೇ ಕೂಡುವುದು ವಿಚಿತ್ರವೇನಲ್ಲ. "ನನಗೆ ಹತ್ತು ವರ್ಷದಿಂದ ಗ್ಯಾಸ್ಟ್ರಿಕ್ ಇದೆ" ಎನ್ನುವ ಹಳೆಯ ಗುರುತುಚೀಟಿ ಹೊಸ ಹೃದಯದ ನೋವನ್ನು ಮುಚ್ಚಿಬಿಡುವುದು ಹೀಗೆ. ಹತ್ತು ವರ್ಷದ ಗ್ಯಾಸ್ಟ್ರಿಕ್ ಇರುವವರನ್ನು ಕೇಳಬೇಕಾದ ಪ್ರಶ್ನೆ, ಈಚೆಗೆ ಅದರ ಚಾಳಿ ಬದಲಾಗಿದೆಯೇ ಎಂಬುದು.

ಇಲ್ಲೊಂದು ಎಚ್ಚರ. ಇದನ್ನು ಓದಿ ಯಾರೂ ಖಾಲಿ ಹೊಟ್ಟೆಯಲ್ಲಿ ಏರು ಹತ್ತಿ ಪರೀಕ್ಷೆ ಮಾಡಿಕೊಳ್ಳಹೋಗಬಾರದು. ಹಿಂದೆ ಆದದ್ದನ್ನು ನೆನಪಿಸಿಕೊಂಡು ವೈದ್ಯರಿಗೆ ಹೇಳಿದರೆ ಸಾಕು, ಓಡಿಸಿ ನೋಡಲು ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಇದೆ, ಪಕ್ಕದಲ್ಲಿ ವೈದ್ಯರೂ ಇರುತ್ತಾರೆ.

ಇನ್ನು ಶಮನದ ವಿಷಯ. ಔಷಧಿ ತೆಗೆದುಕೊಂಡೆ, ಹೋಯಿತು, ಆದ್ದರಿಂದ ಅದು ಆ ಔಷಧಿಯ ಕಾಯಿಲೆಯೇ ಎನ್ನುವ ವಾದ ಕೇಳಲು ಗಟ್ಟಿ. ಗಡಿಯಾರ ಮುಂದಿಟ್ಟುಕೊಂಡು ನೋಡಿದರೆ ಅಷ್ಟು ಗಟ್ಟಿಯಲ್ಲ. ಮೆಡಿಕಲ್ ಶಾಪಿನಲ್ಲಿ "ಗ್ಯಾಸ್ ಮಾತ್ರೆ ಕೊಡಿ" ಎಂದರೆ ಸಿಗುವುದು ಹೆಚ್ಚಾಗಿ ಪ್ಯಾಂಟೊಪ್ರಜೋಲ್ ಜಾತಿಯದು. ಅದು ಹೊಟ್ಟೆಯಲ್ಲಿ ಈಗಾಗಲೇ ಇರುವ ಆಮ್ಲವನ್ನು ಮುಟ್ಟುವುದೇ ಇಲ್ಲ. ಕರುಳಿಗಿಳಿದು, ರಕ್ತಕ್ಕೆ ಸೇರಿ, ಹೊಟ್ಟೆಯ ಗೋಡೆಯಲ್ಲಿ ಆಮ್ಲ ಉತ್ಪಾದಿಸುವ ಕಣಗಳನ್ನು ತಲುಪಿ ಮುಂದಿನ ಉತ್ಪಾದನೆಯನ್ನು ತಡೆಯುತ್ತದೆ. ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು ಎನ್ನುವುದು ಇದಕ್ಕೇ. ಪೂರ್ತಿ ಪರಿಣಾಮ ಕಾಣಲು ಕೆಲವು ದಿನ ಬೇಕು. ಹಾಗಿರುವಾಗ ಉರಿ ಬಂದಾಗ ಅದನ್ನು ನುಂಗಿ, ಕುರ್ಚಿಯಲ್ಲಿ ಕೂತು, ಐದು ನಿಮಿಷದಲ್ಲಿ ಆರಾಮಾಯಿತು ಎಂದರೆ ಆರಾಮು ಕೊಟ್ಟಿದ್ದು ಮಾತ್ರೆಯಾಗಿರಲು ಸಾಧ್ಯವಿಲ್ಲ. ಅದಿನ್ನೂ ಹೊಟ್ಟೆಯಲ್ಲೇ ಇತ್ತು. ಆರಾಮು ಕೊಟ್ಟಿದ್ದು ಕುರ್ಚಿ.

ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್ಪಿನ ಕಥೆ ಬೇರೆ. ಅದು ಇರುವ ಆಮ್ಲವನ್ನೇ ತಟಸ್ಥ ಮಾಡುತ್ತದೆ, ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಉರಿ ಮಲಗಿದಾಗ ಬಂದು, ಮಲಗಿದ್ದಲ್ಲೇ ಸಿರಪ್ ಕುಡಿದು, ಪ್ರತಿ ಸಲವೂ ಕಡಿಮೆಯಾಗುತ್ತಿದ್ದರೆ ಆಮ್ಲದ ಕಡೆಗೆ ತಕ್ಕಡಿ ವಾಲುತ್ತದೆ. ಆದರೂ ಅದೊಂದೇ ಸಾಕ್ಷಿ ಸಾಲದು. ತುರ್ತು ಚಿಕಿತ್ಸಾ ಘಟಕಗಳಲ್ಲಿ ಆಂಟಾಸಿಡ್ ಕುಡಿಸಿ, ನೋವು ಇಳಿದರೆ ಹೃದಯದ್ದಲ್ಲ ಎಂದು ತೀರ್ಮಾನಿಸುವ ರೂಢಿ ಒಂದು ಕಾಲಕ್ಕೆ ಇತ್ತು. ಹೃದಯಾಘಾತವಾಗಿದ್ದವರಲ್ಲೂ ಕೆಲವರಿಗೆ ಅದರಿಂದ ಹಾಯೆನಿಸಿದ್ದು ಗೊತ್ತಾದ ಮೇಲೆ, ಅದನ್ನು ನಂಬಬಾರದೆಂದು ವೈದ್ಯರಿಗೆ ಕಲಿಸಲಾಗುತ್ತದೆ. ತೇಗು ಸಹ ಹಾಗೆಯೇ. ಹೃದಯದ ನೋವಿನಲ್ಲೂ ತೇಗು ಬರುತ್ತದೆ, ವಾಕರಿಕೆ ಬರುತ್ತದೆ. ಅದರಲ್ಲೂ ಸೋಡಾ ಕುಡಿದರೆ ಯಾರಿಗೆ ತೇಗು ಬರುವುದಿಲ್ಲ?

ಇದಕ್ಕೆ ತಿರುಗಾಮುರುಗಾ ತಪ್ಪೂ ಉಂಟು. ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಗೆ ನೋವು ಕರಗಿತು, ಆದ್ದರಿಂದ ಹೃದಯದ್ದೇ ಎಂದು ಗಾಬರಿ ಬೀಳುವವರಿದ್ದಾರೆ. ಆ ಮಾತ್ರೆ ರಕ್ತನಾಳಗಳ ಸ್ನಾಯುವನ್ನು ಸಡಿಲಿಸುವಂತೆ ಅನ್ನನಾಳದ ಸ್ನಾಯುವನ್ನೂ ಸಡಿಲಿಸುತ್ತದೆ. ಅನ್ನನಾಳ ಸೆಟೆದುಕೊಂಡು ಬಂದ ನೋವೂ ಅದಕ್ಕೆ ಬಗ್ಗುತ್ತದೆ. ಪಕ್ಕದ ಮನೆಯವರ ಸಾರ್ಬಿಟ್ರೇಟ್ ಇಸಿದುಕೊಂಡು ಪರೀಕ್ಷೆ ಮಾಡುವುದಂತೂ ಬೇಡ. ಬಿ.ಪಿ. ಧುತ್ತನೆ ಇಳಿದು ಬೀಳುವವರಿದ್ದಾರೆ. ಸಿಲ್ಡೆನಾಫಿಲ್‌ನಂಥ ಮಾತ್ರೆ ತೆಗೆದುಕೊಂಡವರಿಗೆ ಇದು ಜೀವಕ್ಕೇ ಸಂಚಕಾರ.

ಹಾಗಾದರೆ ಶಮನದಲ್ಲಿ ನಂಬಲು ಯೋಗ್ಯವಾದ ಸುಳಿವು ಯಾವುದು? ದಣಿವು ನಿಲ್ಲಿಸಿದಾಗ, ಬೇರೇನೂ ಮಾಡದೆ, ನಿಂತ ಕೆಲವೇ ನಿಮಿಷಕ್ಕೆ ಹೋಗುವುದು, ಮತ್ತೆ ಅಷ್ಟೇ ದಣಿದರೆ ಮತ್ತೆ ಬರುವುದು. ಇದು ಹೃದಯದ ಪರವಾಗಿ ಬಲವಾದ ಸುಳಿವು. ಆಮ್ಲಕ್ಕೆ ನೀವು ನಿಂತದ್ದು ಗೊತ್ತಾಗುವುದಿಲ್ಲ. ಅದು ತನ್ನ ಪಾಡಿಗೆ ಉರಿಯುತ್ತಿರುತ್ತದೆ. ಇದಕ್ಕೂ ಅಪವಾದಗಳಿವೆ. ಉಂಡ ಮೇಲೆ ಜೋರಾಗಿ ಓಡಿದರೆ, ಮೂಟೆ ಎತ್ತಿದರೆ, ಹೊಟ್ಟೆಯ ಮೇಲೆ ಒತ್ತಡ ಬಿದ್ದು ಆಮ್ಲವೂ ಏರಬಹುದು. ಮಧುಮೇಹ ಬಹಳ ವರ್ಷದಿಂದ ಇದ್ದವರಲ್ಲಿ ನರಗಳು ಮಂದವಾಗಿ ನೋವೇ ಸರಿಯಾಗಿ ತಿಳಿಯದಿರಬಹುದು, ಏರಿನಲ್ಲಿ ಉಬ್ಬಸವಷ್ಟೇ ಕಾಣಿಸಬಹುದು. ಹೆಂಗಸರಲ್ಲಿ ಎದೆನೋವಿನ ಜೊತೆಗೆ ಸುಸ್ತು, ಉಬ್ಬಸ, ವಾಕರಿಕೆ ಹೆಚ್ಚಾಗಿ ಇರುವುದರಿಂದ ಹೃದಯದ ಕಡೆ ಯಾರ ಗಮನವೂ ಹೋಗುವುದಿಲ್ಲ. "ಅಡುಗೆಮನೆ ಉರಿ, ಖಾಲಿಹೊಟ್ಟೆ ಕಾಫಿ" ಎಂದು ಅವರಿಗೆ ಅವರೇ ಹೇಳಿಕೊಂಡು ಸುಮ್ಮನಾಗುತ್ತಾರೆ.

ಯಜಮಾನರಿಗೆ ಕೂತಲ್ಲೇ ತೆಗೆದ ಇಸಿಜಿ ನಾರ್ಮಲ್ ಬಂತು. ಅವರು ಗೆದ್ದವರಂತೆ ಮಗಳ ಕಡೆ ನೋಡಿದರು. ಆದರೆ ನೋವಿಲ್ಲದಾಗ ತೆಗೆದ ಇಸಿಜಿ ಆಂಜೈನಾ ಇರುವವರಲ್ಲೂ ಎಷ್ಟೋ ಸಲ ನಾರ್ಮಲ್ ಇರುತ್ತದೆ. ಕೂತಾಗ ರಕ್ತ ಸಾಕಾಗುತ್ತಿದ್ದ ಮೇಲೆ ಅದರಲ್ಲಿ ಕಾಣಲು ಏನಿದೆ? ಟ್ರೆಡ್‌ಮಿಲ್ ಮೇಲೆ ಹತ್ತಿಸಿದರು. ರೂಢಿಯಲ್ಲಿರುವ ಬ್ರೂಸ್ ಕ್ರಮದಲ್ಲಿ ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ಮೊದಲ ಹಂತ ಗಂಟೆಗೆ 2.7 ಕಿಲೋಮೀಟರ್ ವೇಗ, ಶೇಕಡಾ 10ರ ಏರು. ಎರಡನೆಯದು 4 ಕಿಲೋಮೀಟರ್, ಶೇಕಡಾ 12. ಎರಡನೆಯ ಹಂತ ಮುಗಿಯುವ ಮುನ್ನವೇ ಯಜಮಾನರು "ಇದೇ ಸಾರ್, ಇದೇ ಉರಿ" ಎಂದರು. ಅದೇ ಹೊತ್ತಿಗೆ ಇಸಿಜಿಯ ಗೆರೆಯಲ್ಲಿ ಎಸ್‌ಟಿ ಎನ್ನುವ ಭಾಗ ಎರಡು ಮಿಲಿಮೀಟರ್ ಕೆಳಗೆ ಕುಸಿದಿತ್ತು. ಯಂತ್ರ ನಿಲ್ಲಿಸಿ ಕೂರಿಸಿದ ಮೇಲೆ ನಿಧಾನವಾಗಿ ಎರಡೂ ಸರಿಯಾದವು. ಟ್ರೆಡ್‌ಮಿಲ್ ಪರೀಕ್ಷೆಯೂ ತಪ್ಪುವುದುಂಟು, ಮುಖ್ಯವಾಗಿ ಹೆಂಗಸರಲ್ಲಿ. ಆದರೆ ರೋಗಿ ಹೇಳುವ ಉರಿ ಮತ್ತು ಗೆರೆಯ ಕುಸಿತ ಒಂದೇ ಕ್ಷಣದಲ್ಲಿ ಕೂಡಿದರೆ ಅನುಮಾನಕ್ಕೆ ಹೆಚ್ಚು ಜಾಗವಿಲ್ಲ. ಆಂಜಿಯೋಗ್ರಾಂನಲ್ಲಿ ಎಡಮುಂಭಾಗದ ರಕ್ತನಾಳ ಶೇಕಡಾ 80ರಷ್ಟು ಕಟ್ಟಿಕೊಂಡಿತ್ತು. ಮಾತ್ರೆ ಶುರು ಮಾಡಿ, ಸ್ಟೆಂಟ್ ಹಾಕಿದರು.

ಇವರದು ಅದೃಷ್ಟ ಎನ್ನಬೇಕು, ಉರಿ ನಿಂತರೆ ಹೋಗುವ ಹಂತದಲ್ಲೇ ಸಿಕ್ಕಿಬಿದ್ದಿತು. ಅದೇ ಉರಿ ಕೂತಲ್ಲೇ ಬರತೊಡಗಿದರೆ, ಮೊದಲಿಗಿಂತ ಕಡಿಮೆ ನಡಿಗೆಗೆ ಬಂದರೆ, ಹದಿನೈದು ಇಪ್ಪತ್ತು ನಿಮಿಷವಾದರೂ ಹೋಗದಿದ್ದರೆ, ಬೆವರು, ಉಬ್ಬಸ, ದವಡೆಗೋ ತೋಳಿಗೋ ಸೆಳೆತ ಜೊತೆಗಿದ್ದರೆ, ಆಮ್ಲವೋ ಹೃದಯವೋ ಎಂದು ಕೂತು ಲೆಕ್ಕ ಹಾಕುವ ಹೊತ್ತು ಮುಗಿಯಿತು ಎಂದೇ ಅರ್ಥ. ಆಗ 108ಕ್ಕೆ ಕರೆ ಮಾಡಬೇಕು, ತಾನೇ ಬೈಕ್ ಓಡಿಸಿಕೊಂಡು ಹೋಗಬಾರದು. ಹೃದಯದ ಕೆಳಭಾಗ ಹೊಟ್ಟೆಯ ಮೇಲಿನ ವಪೆಗೆ ತಾಗಿಕೊಂಡಿದೆ. ಅಲ್ಲಿ ಆಘಾತವಾದರೆ ಹೊಟ್ಟೆಯ ಮೇಲ್ಭಾಗದ ಉರಿ, ವಾಂತಿಯಾಗಿಯೇ ಕಾಣಿಸಿಕೊಳ್ಳಬಹುದು. ರಾತ್ರಿಯೆಲ್ಲ "ಗ್ಯಾಸ್" ಎಂದು ಓಮದ ನೀರು ಕುಡಿಸಿ ಬೆಳಗಿನವರೆಗೆ ಕಾದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಆಸ್ಪತ್ರೆ ತಲುಪಿದ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕೆನ್ನುವುದು ನಿಯಮ. ಮೊದಲನೆಯದು ನಾರ್ಮಲ್ ಇದ್ದರೂ ನೋವು ಉಳಿದಿದ್ದರೆ ಮತ್ತೆ ಮತ್ತೆ ತೆಗೆಯುತ್ತಾರೆ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ರಕ್ತದಲ್ಲಿ ಟ್ರೋಪೋನಿನ್ ಅನ್ನು ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ನೋಡುತ್ತಾರೆ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ನೋಡಿ ಹೇಳುವ ವ್ಯವಸ್ಥೆ ಇದೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನೂ ಅಲ್ಲೇ ಉಚಿತವಾಗಿ ಕೊಡುತ್ತಾರೆ.

ಸ್ಟೆಂಟ್ ಹಾಕಿದ ಮೇಲೆ ಏರಿನ ಉರಿ ಹೋಯಿತು. ಭಾನುವಾರದ ಉರಿ ಹೋಗಲಿಲ್ಲ, ಹೋಗುವ ಕಾರಣವೂ ಇರಲಿಲ್ಲ. ಸ್ವಲ್ಪ ಹೆಚ್ಚೇ ಆಯಿತು. ಹೃದಯಕ್ಕೆ ಕೊಡುವ ನೈಟ್ರೇಟ್, ಅಮ್ಲೋಡಿಪಿನ್ ಥರದ ಮಾತ್ರೆಗಳು ರಕ್ತನಾಳ ಸಡಿಲಿಸುವ ಜೊತೆಗೆ ಅನ್ನನಾಳದ ಕೆಳಗಿನ ಉಂಗುರವನ್ನೂ ಸಡಿಲಿಸಬಲ್ಲವು. ಆಸ್ಪಿರಿನ್ ಹೊಟ್ಟೆಯ ಗೋಡೆಯನ್ನು ಕೆಣಕುತ್ತದೆ. ಹೃದಯದ ಮಾತ್ರೆಯಿಂದಲೇ ಎದೆ ಉರಿಯುತ್ತಿದೆ ಎಂದು ತಾವಾಗಿ ನಿಲ್ಲಿಸಿಬಿಡುವವರು ಇದ್ದಾರೆ. ಹೊಸ ಸ್ಟೆಂಟ್ ಇರುವಾಗ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಬಹುದು. ಹಾಗಾಗಿ ನಿಲ್ಲಿಸುವ ಬದಲು ಜೊತೆಗೆ ಆಮ್ಲದ ಮಾತ್ರೆ ಸೇರಿಸುತ್ತಾರೆ. ಅದರಲ್ಲೂ ಆಯ್ಕೆಯಿದೆ. ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರಿಗೆ ಒಮೆಪ್ರಜೋಲ್, ಎಸೊಮೆಪ್ರಜೋಲ್ ಕೊಟ್ಟರೆ ಆ ಮಾತ್ರೆಯ ಬಲ ಕುಗ್ಗುತ್ತದೆ, ಪ್ಯಾಂಟೊಪ್ರಜೋಲ್‌ನಿಂದ ಆ ತೊಡಕು ಬಹಳ ಕಡಿಮೆ. ಔಷಧಿ ಅಂಗಡಿಯಲ್ಲಿ "ಎರಡೂ ಒಂದೇ" ಎಂದು ಬದಲಿಸಿ ಕೊಟ್ಟರೆ ಒಪ್ಪಬಾರದು.

ಮಿಕ್ಕದ್ದೆಲ್ಲ ಮನೆಯ ಕೆಲಸ. ರಾತ್ರಿ ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗುತ್ತಿದ್ದವರು ಏಳೂವರೆಗೆ ಉಣ್ಣತೊಡಗಿದರು, ಮಲಗುವುದಕ್ಕೂ ಊಟಕ್ಕೂ ಮೂರು ಗಂಟೆ ಅಂತರ ಬಂತು. ತಲೆದಿಂಬು ಎರಡು ಮಾಡಿಕೊಂಡು ನೋಡಿದರು, ಅದರಿಂದ ಕತ್ತು ಬಗ್ಗಿ ಹೊಟ್ಟೆ ಇನ್ನಷ್ಟು ಮಡಚಿಕೊಂಡಿತೇ ಹೊರತು ಉಪಯೋಗವಾಗಲಿಲ್ಲ. ಮಂಚದ ತಲೆಕಡೆಯ ಎರಡು ಕಾಲಿಗೆ ಆರರಿಂದ ಎಂಟು ಅಂಗುಲ ಎತ್ತರದ ಮರದ ದಿಮ್ಮಿ ಕೊಟ್ಟರು, ಅಂಗಡಿಯಲ್ಲೇ ಬಿದ್ದಿತ್ತು. ಎಡಮಗ್ಗುಲಿಗೆ ಮಲಗಿದರೆ ಹೊಟ್ಟೆಯ ಕೊಳೆಯಂಥ ಭಾಗ ಅನ್ನನಾಳದ ಬಾಯಿಗಿಂತ ಕೆಳಗಿರುವುದರಿಂದ ಆಮ್ಲ ಏರುವುದು ಕಡಿಮೆ, ಅದನ್ನೂ ರೂಢಿ ಮಾಡಿಕೊಂಡರು. ಭಾನುವಾರದ ಕಡುಬು ಬಿಡಲಿಲ್ಲ, ಉಂಡ ಮೇಲೆ ಮಲಗುವುದನ್ನು ಮಾತ್ರ ಬಿಟ್ಟರು.